ನಮ್ಮತ್ತೆ ಗಾಡಿಗೆ ನೇತು ಹಾಕಿದ ನಿಮಿಷಗಳು

ನಮ್ಮತ್ತೆ ಬಸ್‌ ನಿಲ್ದಾಣದ ಗೇಟಿನ ಪಕ್ಕ ಗಾಡಿ ಇಟ್ಟು ಹನ್ನೊಂದು ವರ್ಷವಾಯಿತು. ಮಾಡುವುದು ಒಂದೇ ತಿಂಡಿ, ಮೊಟ್ಟೆಯಲ್ಲಿ ಅದ್ದಿ ಬೇಯಿಸಿದ ಬ್ರೆಡ್ಡು. ಒಲೆ ಒಂದು, ಕಾವಲಿ ಒಂದು, ಕೈ ಮಾತ್ರ ನಾಲ್ಕಿದ್ದ ಹಾಗೆ ಆಡುತ್ತವೆ.

ಹೋದ ವಾರ ಒಬ್ಬ ಹೆಂಗಸು ತಿಂಡಿಗೆ ಕಾಯುತ್ತಾ ಬಸ್ಸು ತಪ್ಪಿಸಿಕೊಂಡು ದೂರು ಕೊಟ್ಟಳು. ನಿಲ್ದಾಣದ ಮೇಲ್ವಿಚಾರಕರು ಬಂದು, "ಇನ್ನೊಂದು ದೂರು ಬಂದರೆ ಗಾಡಿ ಹಿಂದಿನ ಬೀದಿಗೆ ಹೋಗಬೇಕಾಗುತ್ತೆ ಅಮ್ಮ" ಅಂದರು. ಹಿಂದಿನ ಬೀದಿಯಲ್ಲಿ ನರಪಿಳ್ಳೆಯೂ ಓಡಾಡುವುದಿಲ್ಲ.

ಅವತ್ತು ಊಟಕ್ಕೆ ಕೂತಾಗ ಮಗಳಿಗೆ ಗಂಜಿ ತಿನ್ನಿಸುತ್ತಾ ನಾನೇ ಕೇಳಿದೆ.

"ಅತ್ತೆ, ಒಂದು ಸಲಕ್ಕೆ ಎಷ್ಟು ಬೇಯುತ್ತೆ?"

"ಇಬ್ಬರಿಗಾಗೋಷ್ಟು. ಮೂರು ನಿಮಿಷ. ಯಾಕೆ, ನೀನೂ ಗಾಡಿ ಹಾಕ್ತೀಯಾ?"

"ಮೂರು ನಿಮಿಷ ಅಂತ ಬರೆದು ನೇತು ಹಾಕಿದ್ರೆ?"

"ಆರು ಜನ ನಿಂತಾಗ ಅದು ಸುಳ್ಳಾಗಲ್ವೇನೆ?"

ಹಾಗಾದರೆ ಅಂಕಿಯೇ ಬದಲಾಗಬೇಕು. ಹಳೇ ಕ್ಯಾಲೆಂಡರಿನ ದೊಡ್ಡ ಅಂಕಿಗಳನ್ನು ಕತ್ತರಿಸಿ ರಟ್ಟುಗಳಿಗೆ ಅಂಟಿಸಿದೆವು: ಮೂರು, ಆರು, ಒಂಬತ್ತು, ಹನ್ನೆರಡು. ಕಾವಲಿ ಖಾಲಿ ಇದ್ದರೆ ಮೂರು. ಇಬ್ಬರದು ಬೇಯುತ್ತಿದ್ದರೆ ಆರು. ಅವರ ಹಿಂದೆ ಇನ್ನಿಬ್ಬರು ನಿಂತರೆ ಒಂಬತ್ತು. ಮಗಳು ಅಂಟನ್ನು ತಲೆಗೆ ಬಳಿದುಕೊಂಡಳು, ಅದನ್ನು ಬಿಡಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಮೊದಲೆಲ್ಲ ಗಾಡಿ ಕಡೆ ತಿರುಗಿಯೂ ನೋಡದವರು ಈಗ ರಟ್ಟು ನೋಡಿ, ಗಡಿಯಾರ ನೋಡಿ, ಆಮೇಲೆ ನಿಲ್ಲುತ್ತಾರೆ.

ಇವತ್ತು ಬೆಳಿಗ್ಗೆ ನಾನೂ ಅಲ್ಲಿದ್ದೆ. ರಟ್ಟಿನ ಮೇಲೆ ಒಂಬತ್ತಿತ್ತು. ಮೇಲ್ವಿಚಾರಕರು ಚೀಲ ಹೆಗಲಿಗೇರಿಸಿಕೊಂಡು ಬಂದರು.

"ನನಗೊಂದು ಕೊಡಿ ಅಮ್ಮ."

"ನಿಮ್ಮ ಬಸ್ಸು ಎಷ್ಟು ಹೊತ್ತಿಗೆ?"

"ಇನ್ನು ಏಳು ನಿಮಿಷಕ್ಕೆ."

"ಹಾಗಾದ್ರೆ ಆಗಲ್ಲ. ಬಸ್ಸು ಹತ್ತಿ."

ಅವರು ಕಾವಲಿ ಕಡೆ ಕಣ್ಣು ಹಾಯಿಸಿದರು. "ಅಲ್ಲಿ ಬೇಯ್ತಿದೆಯಲ್ಲ, ಅದರಲ್ಲೇ ಒಂದು ಕೊಟ್ಟುಬಿಡಿ."

"ಅದು ಇವರದ್ದು. ಇವರಿಗೂ ಬಸ್ಸಿದೆ ಸ್ವಾಮಿ."

ಸಾಲಿನಲ್ಲಿದ್ದ ಹಮಾಲಿ ಮೆಲ್ಲಗೆ, "ಸಾಹೇಬರಿಗೂ ಒಂಬತ್ತೇ" ಅಂದ. ಯಾರೋ ಕಿಸಕ್ಕೆಂದರು. ಮೇಲ್ವಿಚಾರಕರು ಬರಿಗೈಯಲ್ಲಿ ಬಸ್ಸು ಹತ್ತಿದರು.

"ಅತ್ತೆ, ಅವರಿಗೆ ಒಂದು ಕೊಟ್ಟಿದ್ರೆ ಏನಾಗ್ತಿತ್ತು? ಈ ಜಾಗ ಹೋದ್ರೆ?"

"ಕೊಟ್ಟಿದ್ರೆ ಇವರಲ್ಲಿ ಒಬ್ಬರಿಗೆ ಬಸ್ಸು ತಪ್ಪೋದು. ಆ ದೂರು ಯಾರ ಹತ್ರ ಹೋಗ್ತಿತ್ತು, ಹೇಳು?" ಬ್ರೆಡ್ಡು ಮಗುಚುತ್ತಾ ಕೇಳಿದರು.

ಮಧ್ಯಾಹ್ನ ಮಗಳನ್ನು ಕರೆದುಕೊಂಡು ಅತ್ತೆಗೆ ಬುತ್ತಿ ಕೊಡಲು ಹೋದಾಗ ಮೇಲ್ವಿಚಾರಕರು ವಾಪಸ್ಸು ಬಂದಿದ್ದರು. ಈ ಸಲ ಸಾಲಿನಲ್ಲಿ ನಿಂತರು, ಕಣ್ಣೆಲ್ಲ ಕೈಗಡಿಯಾರದ ಮೇಲೆ. ರಟ್ಟಿನಲ್ಲಿ ಆರು. ತಟ್ಟೆ ಕೈಗೆ ಬಂದಾಗ, "ಐದೂವರೆ ನಿಮಿಷ" ಅಂದರು. ತಪ್ಪು ಹಿಡಿದ ಹಾಗೆಯೇ ಅನಿಸಿತು. ನಿಂತಲ್ಲೇ ಪೂರ್ತಿ ತಿಂದು, ಕೈ ಒರೆಸಿಕೊಂಡು, ಗೇಟಿನ ಕಂಬದತ್ತ ಬೆರಳು ಮಾಡಿದರು.

"ಈ ಕಂಬ ಅಡ್ಡ ಬಂದು ಬಸ್ಸಿಗೆ ಕಾಯೋರಿಗೆ ಅಂಕಿ ಕಾಣಲ್ಲ. ಗಾಡಿ ಎರಡಡಿ ಮುಂದೆ ತನ್ನಿ."

ಅತ್ತೆ ಚಕ್ರಕ್ಕೆ ಕೊಟ್ಟಿದ್ದ ಕಲ್ಲು ತೆಗೆದರು. ಮಗಳನ್ನು ಸೊಂಟಕ್ಕೇರಿಸಿಕೊಂಡು ನಾನೂ ಒಂದು ಕೈಯಲ್ಲಿ ಗಾಡಿ ತಳ್ಳಿದೆ.