ಒಕ್ಕಣೆರಾಯರು ಬರೆದ ನಾಲ್ಕು ಸಾಲು

ಕನ್ನಡಕದ ಗಾಜು ಅರೆಯುವ ಆ ಕಾರ್ಖಾನೆಯಲ್ಲಿ ಹೆಡ್ ಗುಮಾಸ್ತರ ಅಸಲಿ ಹೆಸರು ಸಂಬಳದ ಪಟ್ಟಿಗೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವರು ಒಕ್ಕಣೆರಾಯರು. ರಜೆ ಅರ್ಜಿ, ಬೀಳ್ಕೊಡುಗೆ ಭಾಷಣ, ಪಕ್ಕದ ಮನೆಯವರ ನಾಯಿಯ ಮೇಲಿನ ದೂರು, ಏನೇ ಇರಲಿ, ಒಕ್ಕಣೆ ಅವರದೇ. ತಮ್ಮ ಹೆಂಡತಿಗೆ ಮೆಸೇಜು ಕಳಿಸುವಾಗಲೂ "ಈ ಮೂಲಕ ತಿಳಿಯಪಡಿಸುವುದೇನೆಂದರೆ" ಎಂದು ಶುರುಮಾಡುತ್ತಿದ್ದರಂತೆ. ಆಕೆ ಓದುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಸಾವಿನ ಒಕ್ಕಣೆಯಲ್ಲಂತೂ ಅವರನ್ನು ಮೀರಿಸುವವರಿರಲಿಲ್ಲ. ಕಂಪ್ಯೂಟರಿನಲ್ಲಿ ಅದಕ್ಕೊಂದು ಫೈಲೇ ಇತ್ತು. ಯಾರು ಸತ್ತರೂ ಅದೇ ಕಾಗದ. ಹೆಸರೊಂದು ಅಳಿಸಿ ಇನ್ನೊಂದು ಕೂರಿಸಿದರೆ ಮುಗಿಯಿತು. "ದಿವಂಗತರ ಆತ್ಮವು ಜನ್ಮಜನ್ಮಾಂತರದ ಬಂಧನದಿಂದ ಬಿಡುಗಡೆ ಹೊಂದಿ ಪರಮಾತ್ಮನಲ್ಲಿ ಲೀನವಾಗಲಿ" ಎಂಬ ಸಾಲು ಬಂದಾಗ ಅವರ ಕಣ್ಣೇ ಒದ್ದೆಯಾಗುತ್ತಿತ್ತು. ಸತ್ತವರಿಗಾಗಿ ಅಲ್ಲ, ಸಾಲಿಗಾಗಿ.

ಆ ಗುರುವಾರ ಬೆಳಿಗ್ಗೆ ಸುದ್ದಿ ಬಂತು. ಗಾಜು ಅರೆಯುವ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು, ಹೊಸಬರಿಗೆಲ್ಲ ಕೆಲಸ ಕಲಿಸಿ ನಿವೃತ್ತರಾಗಿದ್ದ ಮೇಷ್ಟ್ರು ತೀರಿಕೊಂಡಿದ್ದರು. ಅವರ ಮಗಳು ಇದೇ ಕಾರ್ಖಾನೆಯ ರವಾನೆ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ಮ್ಯಾನೇಜರು ರಾಯರನ್ನು ಕರೆದು, "ಎಲ್ಲರ ಪರವಾಗಿ ಆ ಹುಡುಗಿಗೆ ಒಂದು ಮೆಸೇಜು ಹೋಗಲಿ. ಚೆನ್ನಾಗಿರಲಿ" ಎಂದರು. ಚೆನ್ನಾಗಿರಲಿ ಎಂದು ರಾಯರಿಗೇ ಹೇಳುವುದೆಂದರೆ! ಐದೇ ನಿಮಿಷದಲ್ಲಿ ಕಾಗದ ತಯಾರು. ಜೊತೆಗೆ ಮೇಷ್ಟ್ರ ಫೋಟೋ ದೊಡ್ಡದು ಮಾಡಿಸಿ, ಹಾರ ಹಾಕಿ, ದೀಪ ಹಚ್ಚಿ ಬಾಗಿಲ ಬಳಿ ಇಡಲು ಆಜ್ಞೆಯೂ ಹೊರಟಿತು.

ಪ್ರತಿಯನ್ನು ನೋಡಿದ ಟೆಲಿಫೋನ್ ಆಪರೇಟರಮ್ಮ ತಲೆಯೆತ್ತಿ ಕೇಳಿದರು.

"ಸಾರ್, ಮೇಷ್ಟ್ರು ಮುಸ್ಲಿಮರಲ್ವಾ?"

"ಹೌದು. ಅದಕ್ಕೇನೀಗ?"

"ಅವರಲ್ಲಿ ಮತ್ತೆ ಹುಟ್ಟಿಬರೋ ನಂಬಿಕೆ ಇಲ್ಲ. ನೀವು ಜನ್ಮಜನ್ಮಾಂತರ ಅಂದಿದ್ದೀರಿ."

ರಾಯರು ಮೇಷ್ಟ್ರ ಎದುರಿಗೆ ಕೂತು ಇಪ್ಪತ್ತೆರಡು ವರ್ಷ ಊಟದ ಡಬ್ಬಿ ಬಿಚ್ಚಿದವರು. ಮೇಷ್ಟ್ರ ನಂಬಿಕೆ ಏನೆಂಬ ಪ್ರಶ್ನೆ ಒಂದು ಮಧ್ಯಾಹ್ನವೂ ಅವರ ತಲೆಗೆ ಬಂದಿರಲಿಲ್ಲ. ಎಲ್ಲರೂ ಸಮಾನರು ಎಂಬುದು ಅವರ ಸಿದ್ಧಾಂತ; ಅಂದರೆ ಎಲ್ಲರೂ ತಮ್ಮ ಹಾಗೇ ಎಂದು.

ಆದರೆ ರಾಯರು ಸೋಲುವ ಕುಳವಲ್ಲ. ಜನ್ಮಗಳನ್ನೆಲ್ಲ ಅಳಿಸಿದರು. ಫೋನಿನಲ್ಲಿ ಹುಡುಕಿ, ಕೇಳಲು ಗಂಭೀರವಾಗಿದ್ದ ಒಂದು ಅರಬ್ಬೀ ವಾಕ್ಯವನ್ನು ಕನ್ನಡ ಅಕ್ಷರದಲ್ಲಿ ಇಳಿಸಿಕೊಂಡರು. ಅರ್ಥ ಗೊತ್ತಿರಲಿಲ್ಲ. ಇಷ್ಟು ದಿನ ಬರೆದದ್ದರ ಅರ್ಥವನ್ನಾದರೂ ಯಾವಾಗ ಯೋಚಿಸಿದ್ದರು? ಈಗ ಯಾರೂ ಬೆರಳು ತೋರಿಸಲಾರರು ಎಂಬ ಧೈರ್ಯದಲ್ಲಿ, ವ್ಯಾನ್ ಡ್ರೈವರನ್ನು ಕರೆದು ತೋರಿಸಿದರು. ಅವನೂ ಮೇಷ್ಟ್ರ ಮತದವನೇ. ಹೊಗಳಿಕೆ ಬರುತ್ತದೆಂದು ರಾಯರು ಕುರ್ಚಿಗೆ ಒರಗಿದರು.

ಡ್ರೈವರು ಓದಿದ. ಮತ್ತೊಮ್ಮೆ ಓದಿದ. ಮೀಸೆಯ ಮೇಲೆ ಕೈ ಇಟ್ಟುಕೊಂಡ.

"ಸಾರ್, ಇದು ಮದುಮಕ್ಕಳನ್ನ ಹರಸೋ ಮಾತು."

ರಾಯರ ಮುಖ ಇಂಗು ತಿಂದ ಮಂಗನಂತಾಯಿತು. ಆಪರೇಟರಮ್ಮನಿಗೆ ಆಗಲೇ ಜೋರು ಕೆಮ್ಮು ಬಂತು.

"ಹಾಗಾದ್ರೆ ಸರಿಯಾದ್ದು ನೀನೇ ಹೇಳಪ್ಪ" ಎಂದರು ರಾಯರು, ಧ್ವನಿ ತಗ್ಗಿಸಿ.

"ನಾವು ಸಾವಿನ ಸುದ್ದಿ ಕೇಳಿದ್ರೆ ಒಂದು ಮಾತು ಹೇಳ್ತೀವಿ. ನಾವು ದೇವರಿಗೆ ಸೇರಿದವರು, ಅವನ ಬಳಿಗೇ ಮರಳೋರು ಅಂತ ಅದರ ಅರ್ಥ. ನೀವು ಹೇಳಿದ್ರೆ ಯಾರೂ ಬೇಡ ಅನ್ನಲ್ಲ. ಆದ್ರೆ ನಿಮ್ಮಿಂದ ಅದನ್ನ ಯಾರೂ ಕಾಯ್ತಾನೂ ಇರಲ್ಲ. ಬಾಯಿಪಾಠ ಮಾಡಿ ಒಪ್ಪಿಸಿದ ಹಾಗಾಗುತ್ತೆ. ನೀವು ನಿಮ್ಮ ಮಾತಲ್ಲೇ ಹೇಳಿ."

"ದಿವಂಗತ ಅನ್ನಬಹುದಾ?"

"ಪೇಪರಲ್ಲಿ ಎಲ್ಲರಿಗೂ ಹಾಕ್ತಾರೆ, ಯಾರೂ ಜಗಳಕ್ಕೆ ಬರಲ್ಲ. ಆದ್ರೆ ಮಗಳಿಗೆ ಬರೀತಿರೋದು. 'ನಿಮ್ಮ ತಂದೆ' ಅಂದ್ರೆ ಸಾಕಲ್ವಾ?"

"ಆತ್ಮಕ್ಕೆ ಶಾಂತಿ?"

"ತಪ್ಪು ಅನ್ನಲ್ಲ. ನಮ್ಮಲ್ಲಿ ಹೆಚ್ಚಾಗಿ ದೇವರು ಕರುಣೆ ತೋರಲಿ, ತಪ್ಪು ಮನ್ನಿಸಲಿ ಅಂತ ಬೇಡ್ಕೋತೀವಿ, ಮನೆಯವರಿಗೆ ಸಹನೆ ಕೊಡಲಿ ಅಂತೀವಿ. ಅದರಲ್ಲಿ ಮನ್ನಿಸೋ ಮಾತು ನಮಗೇ ಬಿಡಿ. ಹೊರಗಿನವರು ಬರೆದ್ರೆ ಮೇಷ್ಟ್ರು ಏನೋ ತಪ್ಪು ಮಾಡಿದ್ರು ಅನ್ನೋ ಹಾಗೆ ಕೇಳ್ಬಹುದು. ಮತ್ತೆ, ತುಂಬು ಬಾಳು ಬದುಕಿದ್ರು, ಒಳ್ಳೇದೇ ಆಯ್ತು ಅಂತೆಲ್ಲ ಯಾವ ಮತದವರಿಗೂ ಬೇಡ."

ಫೈಲಿನ ಮೂರನೆಯ ಸಾಲು ಶಬ್ದಶಃ ಅದೇ ಆಗಿತ್ತು. ರಾಯರು ಪರದೆಯನ್ನು ಮೆಲ್ಲಗೆ ತಮ್ಮ ಕಡೆ ತಿರುಗಿಸಿಕೊಂಡರು.

"ಆ ಹಾರ, ದೀಪ?"

"ನಮ್ಮನೇಲಿ ಹಾಕಲ್ಲ. ಅವರ ಮನೇಲೂ ಹಾಕಲ್ಲ ಅನ್ಸುತ್ತೆ. ಎಲ್ಲ ಮನೇನೂ ಒಂದೇ ಥರ ಇರಲ್ಲ ಸಾರ್, ನಾನೇನು ಎಲ್ಲರ ಪರವಾಗಿ ಸಹಿ ಹಾಕೋನಲ್ಲ. ಆ ಹುಡುಗಿಯ ಚಿಕ್ಕಪ್ಪನ್ನ ಕೇಳ್ತೀನಿ ತಾಳಿ." ಫೋನು ಮಾಡಿ ಕೇಳಿಯೂ ಬಿಟ್ಟ. "ಫೋಟೋ ಬೇಡ್ವಂತೆ. ಮಧ್ಯಾಹ್ನದ ನಮಾಜ್ ಆದ್ಮೇಲೆ ದಫನ್ ಅಂತೆ. ಕಳಿಸೋದಾದ್ರೆ ಈಗ್ಲೇ ಕಳಿಸಿ. ಇಂಥದ್ದು ಕಡತದ ಹಾಗೆ ಮೇಜಿಂದ ಮೇಜಿಗೆ ತಿರುಗಬಾರದು."

ಡ್ರೈವರು ಹೋದ. ಒಕ್ಕಣೆಯ ಚಕ್ರವರ್ತಿಗಳು ಖಾಲಿ ಪರದೆಯ ಮುಂದೆ ಕೂತರು. ಪರಮಾತ್ಮ ಹೋದ, ಬಂಧನ ಹೋಯಿತು, ಫೋಟೋ, ಹಾರ, ದೀಪ ಹೋದವು, ದಿವಂಗತವೂ ಹೋಯಿತು. ಉಳಿದದ್ದು ಮೇಷ್ಟ್ರು ಒಬ್ಬರೇ. ಅವರ ಬಗ್ಗೆ ತನಗೆ ಏನು ಗೊತ್ತು ಎಂದು ರಾಯರು ಜೀವಮಾನದಲ್ಲಿ ಮೊದಲ ಸಲ ಕೇಳಿಕೊಂಡರು.

ಹನ್ನೊಂದು ವರ್ಷದ ಹಿಂದೆ ರಾಯರಿಗೆ ದಿನವೂ ತಲೆನೋವು. ಡಾಕ್ಟರು ನರ ಅಂದರು, ಹೆಂಡತಿ ಕೊಬ್ಬು ಅಂದಳು. ಮೇಷ್ಟ್ರು ಏನೂ ಅನ್ನಲಿಲ್ಲ. ರಾಯರು ಓದುವಾಗ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸುವುದನ್ನು ನಾಲ್ಕು ದಿನ ನೋಡಿ, ಐದನೆಯ ದಿನ ಊಟದ ಹೊತ್ತಿನಲ್ಲಿ ಸ್ಕೇಲು ಹಿಡಿದು ಅವರ ಎರಡು ಕಣ್ಣಿನ ಪಾಪೆಗಳ ನಡುವಿನ ದೂರ ಅಳೆದರು. ಕನ್ನಡಕದ ಅಂಗಡಿಯವನು ಗಾಜಿನ ನಡುಬಿಂದುವನ್ನು ಪಾಪೆಯ ನೇರಕ್ಕೆ ಕೂರಿಸದೆ ಪಕ್ಕಕ್ಕೆ ಸರಿಸಿಬಿಟ್ಟಿದ್ದ. ಸಂಜೆಗೆ ಮೇಷ್ಟ್ರೇ ಹೊಸ ಗಾಜು ಅರೆದು ಕೂರಿಸಿ ಕೊಟ್ಟರು. ಮರುದಿನದಿಂದ ತಲೆನೋವಿಲ್ಲ. ರಾಯರು ಆಗ ಧನ್ಯವಾದ ಹೇಳಿದ್ದರೋ ಇಲ್ಲವೋ, ನೆನಪಿಲ್ಲ. ಹೇಳಿದ್ದರೆ "ಈ ಮೂಲಕ" ಎಂದೇ ಹೇಳಿರಬೇಕು.

ನಾಲ್ಕು ಸಾಲಿಗೆ ಒಂದು ಗಂಟೆ ಹಿಡಿಯಿತು.

"ನಿಮ್ಮ ತಂದೆ ತೀರಿಕೊಂಡ ಸುದ್ದಿ ಕೇಳಿ ನಮಗೆಲ್ಲ ತುಂಬಾ ನೋವಾಗಿದೆ. ಹನ್ನೊಂದು ವರ್ಷದ ಹಿಂದೆ ಅವರು ತಾವಾಗಿಯೇ ನನ್ನ ಕಣ್ಣು ಅಳೆದು ಕನ್ನಡಕ ಸರಿಮಾಡಿಕೊಟ್ಟರು, ನನ್ನ ತಲೆನೋವು ಮರುದಿನವೇ ಹೋಯಿತು. ದೇವರು ಅವರ ಮೇಲೆ ಕರುಣೆ ತೋರಲಿ, ನಿಮಗೂ ನಿಮ್ಮ ತಾಯಿಗೂ ಸಹನೆ ಕೊಡಲಿ. ಕೌಂಟರಿನ ಕೆಲಸ ನಾವು ಹಂಚಿಕೊಂಡಿದ್ದೇವೆ, ಇದಕ್ಕೆ ಉತ್ತರ ಬರೆಯಬೇಕಿಲ್ಲ."

ಮ್ಯಾನೇಜರು ಓದಿ ಹುಬ್ಬು ಗಂಟಿಕ್ಕಿದರು. "ಇಷ್ಟೇನಾ? ಸ್ವಲ್ಪ ತೂಕ ಇರಬೇಕಿತ್ತು ರಾಯರೇ."

"ತೂಕದ್ದು ಮದುವೆಗೆ ಇಟ್ಟಿದ್ದೀನಿ ಸಾರ್" ಎಂದು ರಾಯರು ಕಳಿಸಿಯೇಬಿಟ್ಟರು.

ವಾರದ ಮೇಲೆ ಮಗಳು ಕೆಲಸಕ್ಕೆ ಬಂದಳು. ನೇರ ರಾಯರ ಮೇಜಿಗೆ ಬಂದು ನಿಂತಳು. ರಾಯರು ಎದ್ದರು. ಕುರ್ಚಿ ಎಳೆದು ಕೂರಿಸಿದರು.

"ಅಮ್ಮ ನಿಮ್ಮ ಮೆಸೇಜನ್ನ ಎರಡು ಸಲ ಓದಿಸಿಕೊಂಡ್ರು ಅಂಕಲ್. ಅಪ್ಪ ಕೆಲಸದ ವಿಷಯ ಮನೇಲಿ ಏನೂ ಹೇಳ್ತಿರಲಿಲ್ಲ. ಇನ್ನೂ ಏನಾದ್ರೂ ಇದ್ರೆ ಕೇಳ್ಕೊಂಡು ಬಾ ಅಂದ್ರು."

"ನನಗೆ ಗೊತ್ತಿರೋದು ಅಷ್ಟೇ ಕಣಮ್ಮ" ಎಂದರು ರಾಯರು. ಹೇಳಲು ನಾಚಿಕೆಯಾಯಿತು, ಆದರೂ ಹೇಳಿದರು. "ಇಪ್ಪತ್ತೆರಡು ವರ್ಷ ನಾನೇ ಮಾತಾಡ್ತಿದ್ದೆ. ಅವರು ಕೇಳ್ತಿದ್ರು."

ಅವಳು ಅಳುತ್ತಲೇ ನಕ್ಕಳು. "ಹೌದು, ಅದೊಂದನ್ನ ಹೇಳ್ತಿದ್ರು."

ಅವಳು ಕೌಂಟರಿಗೆ ಹೋದ ಮೇಲೆ ರಾಯರು ಎದ್ದು, ಗಾಜಿನ ಪುಡಿ ಹಾರುವ ಆ ವಿಭಾಗದೊಳಕ್ಕೆ ವರ್ಷಗಳ ನಂತರ ಕಾಲಿಟ್ಟರು. ಅಲ್ಲಿದ್ದವರೆಲ್ಲ ಮೇಷ್ಟ್ರ ಕೈಯಲ್ಲಿ ಕೆಲಸ ಕಲಿತವರು. ಅರೆಯುವ ಯಂತ್ರದ ಪಕ್ಕ ಒಂದು ಸ್ಟೂಲು ಹಾಕಿಸಿಕೊಂಡು, ತೀರ ಅಪರೂಪಕ್ಕೆ, ತಾವು ಬಾಯಿ ಮುಚ್ಚಿ ಕೂತು, ಮೇಷ್ಟ್ರ ಬಗ್ಗೆ ಅವರು ಹೇಳಿದ್ದನ್ನೆಲ್ಲ ಅವರ ಮಾತಿನಲ್ಲೇ ಬರೆದುಕೊಳ್ಳತೊಡಗಿದರು.