ಮೂರನೇ ಫ್ಲಾಪಿಯ ವಿಭೂತಿ

ಹಳೇ ಫ್ಲಾಪಿಗಳಲ್ಲಿ, ಟೇಪುಗಳಲ್ಲಿ ಸಿಕ್ಕಿಕೊಂಡಿರುವುದನ್ನು ಹೊರತೆಗೆದು ಕೊಡುವುದು ನನ್ನ ಕೆಲಸ. ಲಿಂಗರಾಜಪುರದ ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಶಿವಾಜಿನಗರದ ಗುಜರಿಯಲ್ಲಿ ಹೆಕ್ಕಿ ತಂದ ಫ್ಲಾಪಿ ಡ್ರೈವಿಗೆ ಅಂಗೈಯಗಲದ ಒಂದು ಹೊಸ ಬೋರ್ಡು ಜೋಡಿಸಿ, ಅದನ್ನು ಯುಎಸ್‌ಬಿಯಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದೇನೆ. ಈ ಬೋರ್ಡು ಫೈಲುಗಳನ್ನು ಹುಡುಕುವುದಿಲ್ಲ. ಫ್ಲಾಪಿಯೊಳಗಿನ ತೆಳು ತಟ್ಟೆಯ ಮೇಲೆ ಕಾಂತ ಎಲ್ಲೆಲ್ಲಿ ದಿಕ್ಕು ಬದಲಿಸಿದೆಯೋ ಅಷ್ಟನ್ನು ಇದ್ದಹಾಗೇ ಬರೆದುಕೊಳ್ಳುತ್ತದೆ; ಅರ್ಥ ಮಾಡಿಕೊಳ್ಳುವ ಕೆಲಸ ಆಮೇಲಿನದು. ಹಾಗಾಗಿ ಮಾಮೂಲಿ ಕಂಪ್ಯೂಟರು ಕೈಚೆಲ್ಲಿದ್ದೂ ಎಷ್ಟೋ ಸಲ ನನ್ನಲ್ಲಿ ಬಂದಿದೆ. ಅದರಿಂದ ನನಗೆ ಕೊಬ್ಬೂ ಬಂದಿತ್ತು.

ಹೋದ ವರ್ಷ ಮಳೆ ನಿಂತ ಮೇಲೆ ಒಬ್ಬ ಹೆಂಗಸು ಬಿಸ್ಕತ್ತಿನ ಡಬ್ಬಿ ಹಿಡಿದು ಬಂದರು. ಎಪ್ಪತ್ತರ ಹತ್ತಿರದ ವಯಸ್ಸು. ಹಲಸೂರಿನಲ್ಲಿ ಡಿಟಿಪಿ ಅಂಗಡಿ ನಡೆಸುತ್ತಿದ್ದವರಂತೆ. ಡಬ್ಬಿಯಲ್ಲಿ ಮೂರು ಫ್ಲಾಪಿಗಳಿದ್ದವು.

"ನಮ್ಮಮ್ಮ ದೊಮ್ಮಲೂರಲ್ಲಿ ಗದ್ದೆ ಮಾಡ್ಕೊಂಡಿದ್ದೋರು. ಮಧ್ಯಾಹ್ನ ಗಿರಾಕಿ ಇಲ್ದಾಗ ಸ್ಟೂಲ್ ಮೇಲೆ ಕೂತು ಹೇಳೋರು, ನಾನು ಟೈಪ್ ಮಾಡೋಳು. ಎರಡರಲ್ಲಿ ಅವರ ಕತೆ ಇದೆ. ಮೂರನೇದ್ರಲ್ಲಿ ನಾಟಿ ಹಾಕೋವಾಗ ಹೇಳ್ತಿದ್ದ ಪದಗಳಿವೆ. ಪ್ರಿಂಟ್‌ನ ಗೆದ್ದಲು ತಿಂದ್ಬಿಡ್ತು. ಅಮ್ಮನೂ ಹೋಗ್ಬಿಟ್ರು. ಆ ಪದ ನನಗೆ ಒಂದೂ ಬಾಯಿಗೆ ಬರಲ್ಲಪ್ಪ, ಬರೀ ಟೈಪ್ ಮಾಡ್ದೆ ಅಷ್ಟೆ."

ಮೂರರ ಮೇಲೂ ವಿಭೂತಿಯ ಪಟ್ಟೆ, ನಡುವೆ ಕುಂಕುಮ. ಪ್ರತಿ ಆಯುಧಪೂಜೆಗೆ ಕಂಪ್ಯೂಟರು, ಪ್ರಿಂಟರಿನ ಜೊತೆ ಫ್ಲಾಪಿಗಳಿಗೂ ಹಚ್ಚುತ್ತಿದ್ದರಂತೆ. ನಾನು ನಕ್ಕು ಒದ್ದೆ ಬಟ್ಟೆಯಲ್ಲಿ ಒರೆಸಿದೆ.

ಮೊದಲ ಎರಡು ಸಲೀಸಾಗಿ ಓದಿಸಿಕೊಂಡವು. ಪರದೆಯ ಮೇಲೆ ತಟ್ಟೆಯ ಒಂದೊಂದು ಭಾಗವನ್ನು ತೋರಿಸುವ ಚೌಕಗಳೆಲ್ಲ ಹಸಿರಾದವು. ಹಳೇ ಕನ್ನಡ ಫಾಂಟಿನ ಅಕ್ಷರಗಳು ಮೊದಲು ಇಂಗ್ಲಿಷ್ ಗೀಚಿನಂತೆ ಬಂದವು. ಪರಿವರ್ತಿಸಿದಾಗ ಆ ತಾಯಿಯ ಮಾತು ಸಾಲುಸಾಲಾಗಿ ಎದ್ದು ಬಂತು. ಕೆರೆ ಕೋಡಿಯ ಪಕ್ಕದ ಗದ್ದೆ, ಅದರ ಬದುವಿನ ಮೇಲೆ ಕೂತು ತಿಂದ ಮುದ್ದೆ. ಖುಷಿಯಲ್ಲಿ ಮೂರನೆಯದನ್ನು ಕೈಗೆತ್ತಿಕೊಂಡೆ.

ಅದು ಡಬ್ಬಿಯ ತಳದಲ್ಲಿದ್ದದ್ದು. ತಳಕ್ಕೆ ತುಕ್ಕು ಹಿಡಿದಿತ್ತು. ಫ್ಲಾಪಿಯ ತಗಡಿನ ಮುಚ್ಚಳ ಸರಿಸಿ ನೋಡಿದರೆ ಕಂದು ತಟ್ಟೆಯ ಮೇಲೆ ಬಿಳಿ ಪುಡಿ. ವಿಭೂತಿ ಒಳಗೂ ಉದುರಿದೆ ಅಂದುಕೊಂಡೆ. ಉಫ್ ಎಂದು ಊದಿ ಡ್ರೈವಿಗೆ ತುರುಕಿದೆ.

ಅದು ಬೂಷ್ಟು.

ಬೂಷ್ಟು ಕಂಡರೆ ಏನು ಮಾಡಬೇಕೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪ್ಲಾಸ್ಟಿಕ್ ಚಿಪ್ಪು ಬಿಚ್ಚಿ, ತಟ್ಟೆಯನ್ನು ಹೊರತೆಗೆದು, ಮೆತ್ತಗೆ ತೊಳೆದು, ಪೂರ್ತಿ ಒಣಗಿಸಿ, ಬೇರೆ ಶುದ್ಧ ಚಿಪ್ಪಿಗೆ ಹಾಕಿ ಆಮೇಲೆ ಓದಿಸಬೇಕು. ಫ್ಲಾಪಿಯಲ್ಲಿ ಓದುವ ಹೆಡ್ಡು ತಟ್ಟೆಗೆ ತಾಗಿಕೊಂಡೇ ಇರುತ್ತದೆ. ನಡುವೆ ಬೂಷ್ಟು ಸಿಕ್ಕಿದರೆ, ತೇವಕ್ಕೆ ಮೆತ್ತಗಾದ ಕಾಂತದ ಲೇಪವನ್ನು ಕೆರೆದುಹಾಕುತ್ತದೆ. ಲೇಪ ಹೋದರೆ ಅಕ್ಷರವೂ ಹೋಯಿತು.

ಡ್ರೈವು ಕಿರ್ರೆಂದಿತು. ಚೌಕಗಳು ಕೆಂಪಾದವು. ಆಗಲಾದರೂ ನಿಲ್ಲಿಸಬಹುದಿತ್ತು. ನನ್ನ ಹಟಮಾರಿ ಬುದ್ಧಿ ಬಿಡಬೇಕಲ್ಲ! ಮತ್ತೆ ಓದಿಸಿದೆ, ಮತ್ತೊಮ್ಮೆ ಓದಿಸಿದೆ. ಹೊರತೆಗೆದಾಗ ತಟ್ಟೆಯ ಮೇಲೆ ಉಂಗುರ ಉಂಗುರವಾಗಿ ಗೀರುಗಳು. ಬೆಳಕಿಗೆ ಹಿಡಿದರೆ ಅವುಗಳೊಳಗಿಂದ ಟ್ಯೂಬ್‌ಲೈಟು ಕಾಣುತ್ತಿತ್ತು. ಹೆಡ್ಡಿನ ಮೇಲೆ ಕಂದು ಜಿಡ್ಡು. ನಾಟಿ ಪದಗಳು ಹೆಡ್ಡು ಒರೆಸಿದ ಹತ್ತಿಯ ಕಡ್ಡಿಗೆ ಅಂಟಿಕೊಂಡು ಬಂದವು. ಉಳಿದ ಭಾಗವನ್ನು ತೊಳೆದು ಓದಿಸಿದಾಗ ಸಿಕ್ಕಿದ್ದು ಎರಡು ಅರೆಬರೆ ಸಾಲು.

ಅವರು ಬಂದಾಗ, "ಬೂಷ್ಟು ತಿಂದ್ಬಿಟ್ಟಿತ್ತಮ್ಮಾ" ಅಂದೆ.

"ನಾನು ಹಚ್ಚಿದ ವಿಭೂತಿ ಒಳಗೆ ಹೋಗಿತ್ತಾ?"

"ಇರಬಹುದು," ಅಂದೆ. ಬಾಯಿಂದ ಎಷ್ಟು ಸಲೀಸಾಗಿ ಬಂತು!

ಎರಡು ಫ್ಲಾಪಿಯ ಕತೆ ಸಿಕ್ಕಿದ್ದಕ್ಕೆ ಅವರು ಕೈ ಮುಗಿದು ಹೋದರು. ಆ ಮುಗಿದ ಕೈ ನನ್ನನ್ನು ಬಿಡಲಿಲ್ಲ. ಈಗ ಯಾವ ಫ್ಲಾಪಿ ಬಂದರೂ ಮೊದಲು ಟಾರ್ಚು ಹಿಡಿದು, ತಟ್ಟೆಯನ್ನು ಒಂದು ಸುತ್ತು ಪೂರ್ತಿ ತಿರುಗಿಸಿ ನೋಡುತ್ತೇನೆ. ಏನು ಬಂತು?

ಈ ವರ್ಷ ಆಯುಧಪೂಜೆಯ ದಿನ ತಡೆಯಲಾಗದೆ ಹಲಸೂರಿಗೆ ಹೋದೆ. ಬೀದಿಯಲ್ಲಿ ಸ್ಕೂಟರುಗಳಿಗೆಲ್ಲ ಹೂವು, ಕುಂಬಳಕಾಯಿ ಒಡೆದ ಕೆಂಪು. ಅವರ ಮನೆಯಲ್ಲಿ ಹಳೇ ಕಂಪ್ಯೂಟರು, ಹೊಲಿಗೆ ಮೆಷಿನ್ನು ಒರೆಸಿಟ್ಟಿದ್ದರು. ಒಂದಕ್ಕೂ ವಿಭೂತಿ ಇಲ್ಲ, ಕುಂಕುಮವಿಲ್ಲ.

"ಹಚ್ಚಲಿಲ್ವಾ ಅಮ್ಮಾ?"

"ಹಚ್ಚಿ ಹಾಳು ಮಾಡಿದ್ದು ಸಾಕಪ್ಪ."

ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ನಾನು ಊದಿದ್ದು, ತುರುಕಿದ್ದು, ನಿಲ್ಲಿಸದೆ ಮೂರು ಸಲ ಓದಿಸಿದ್ದು, "ಇರಬಹುದು" ಅಂದದ್ದು. ಬೈಯಲಿ ಎಂದು ಕಾಯುತ್ತಿದ್ದೆ.

ಅವರು ಗೋಡೆಯ ಮೇಲಿದ್ದ ತಾಯಿಯ ಫೋಟೊ ಕಡೆ ತಿರುಗಿದರು. "ಒಂದು ವರ್ಷದಿಂದ ದಿನಾ ದೀಪ ಹಚ್ಚೋವಾಗ ಅವರಿಗೆ ತಪ್ಪಾಯ್ತು ಅಂತ ಹೇಳ್ತಿದ್ದೀನಲ್ಲಪ್ಪ," ಅಂದರು.