ಆಯುಧಪೂಜೆಯ ದಿನದ ಬಿಲ್ಲು

ಮಧ್ಯಾಹ್ನ ಒಂದು ಗಂಟೆ ಹದಿನೇಳು ನಿಮಿಷ. ಕಲಾ ಊಟದ ಡಬ್ಬಿ ಹಿಡಿದು ಮಹಡಿ ಹತ್ತಿದ್ದೇ ತಡ, ಕಾಂತರಾಜು ಅವಳು ಬೆಳಿಗ್ಗೆಯಿಂದ ಪಾಸು ಮಾಡಿದ್ದ ಕ್ಲೇಮುಗಳನ್ನು ತನ್ನ ಕಂಪ್ಯೂಟರಿನಲ್ಲಿ ಒಂದೊಂದಾಗಿ ತೆರೆದು ನೋಡತೊಡಗಿದ. ಅದು ಅವನಿಗೆ ಯಾರೂ ಹೇಳಿದ ಕೆಲಸವಲ್ಲ. ಅವನ ಪಾಲಿನ ಮೊಸರನ್ನ ಡಬ್ಬಿಯಲ್ಲೇ ಬೆಚ್ಚಗಾಗುತ್ತಿತ್ತು.

ನಾಯಂಡಹಳ್ಳಿಯ ಆ ಗೋಡೌನಿನಿಂದ ಇನ್ವರ್ಟರ್ ಬ್ಯಾಟರಿಗಳು ಪಶ್ಚಿಮ ಬೆಂಗಳೂರಿನ ಅಂಗಡಿಗಳಿಗೆಲ್ಲ ಹೋಗುತ್ತವೆ. ಮೂರು ವರ್ಷದೊಳಗೆ ಕೆಟ್ಟರೆ ಹೊಸದು ಕೊಡಬೇಕು. ಅದಕ್ಕೆ ಗಿರಾಕಿ ಮೂರು ಫೋಟೊ ಕಳಿಸಬೇಕು: ಬಿಲ್ಲು, ಅಂಗಡಿಯ ಮೊಹರಿರುವ ವಾರಂಟಿ ಕಾರ್ಡು, ಬ್ಯಾಟರಿಯ ಮೇಲಿನ ಸೀರಿಯಲ್ ನಂಬರು. ಮೂರೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವುದೇ ಕಾಂತರಾಜುವಿನ ಹನ್ನೊಂದು ವರ್ಷದ ಉದ್ಯೋಗ.

ಆ ಉದ್ಯೋಗದಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಪೆನ್ನು 3ನ್ನು 8 ಮಾಡಬಲ್ಲದು, 8ನ್ನು 3 ಮಾಡಲಾರದು ಎಂಬುದು ಅವನ ಮೊದಲ ಪಾಠ. 1 ಸುಲಭವಾಗಿ 4 ಆಗುತ್ತದೆ, 7 ಆಗುತ್ತದೆ. ಫೋನಿನಲ್ಲೇ ತಿದ್ದಿದ ಫೋಟೊವಾದರೆ ಅಂಕಿಯನ್ನು ದೊಡ್ಡದು ಮಾಡಿ ನೋಡುತ್ತಿದ್ದ. ಅಕ್ಕಪಕ್ಕದ ಅಕ್ಷರಗಳು ಮಸುಕಾಗಿದ್ದು ಒಂದೇ ಅಂಕಿ ಚೂಪಾಗಿದ್ದರೆ, ಅದರ ಹಿಂದಿನ ಕಾಗದದ ಸುಕ್ಕು ಅಲ್ಲಿಗೇ ನಿಂತುಹೋಗಿದ್ದರೆ, ಮುಗಿಯಿತು. ವಾಟ್ಸಾಪಿನಲ್ಲಿ ಬಂದ ಫೋಟೊ ತನ್ನನ್ನು ಯಾವಾಗ ತೆಗೆದದ್ದೆಂದು ಹೇಳುವುದಿಲ್ಲ. ಆದ್ದರಿಂದ ಅನುಮಾನ ಬಂದರೆ ಅದೇ ಕಾರ್ಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಇನ್ನೊಮ್ಮೆ ತೆಗೆಸುತ್ತಿದ್ದ. ಕೆರೆದ ಜಾಗ ಓರೆ ಬೆಳಕಿನಲ್ಲಿ ಅಡಗುವುದಿಲ್ಲ.

ಎಂಟು ತಿಂಗಳ ಹಿಂದೆ ಕಲಾ ಬಂದಳು. ಇಪ್ಪತ್ತಾರು ವರ್ಷ, ಬಿ.ಕಾಂ. ಇವನು ದಿನಕ್ಕೆ ಹದಿನೈದು ಕ್ಲೇಮು ನೋಡಿದರೆ ಅವಳು ಮೂವತ್ತು. ಅಂಗಡಿಯವರು ಫೋನು ಮಾಡಿದರೆ ಈಗ "ಕಲಾ ಮೇಡಮ್ ಇದಾರಾ?" ಎನ್ನುತ್ತಾರೆ. ಆ 'ಮೇಡಮ್' ಕೇಳಿದಾಗಲೆಲ್ಲ ಕಾಂತರಾಜುವಿಗೆ ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿಕೊಂಡಂತಾಗುತ್ತಿತ್ತು. ಅದರ ಮೇಲೆ ಇಂದು ಬೆಳಿಗ್ಗೆ ಯಜಮಾನ ಮುನಿರಾಜು ಇನ್ನೊಂದು ಸುದ್ದಿ ಹೇಳಿದ್ದ: ಕ್ಲೇಮುಗಳ ಮೇಲೆ ಕೊನೆಯ ಸಹಿ ಇನ್ನು ಮುಂದೆ ಒಬ್ಬರದೇ ಇರಬೇಕು ಎಂದು ಕಂಪನಿ ಕೇಳಿದೆ. ಯಾರದೆಂದು ಸಂಜೆ ಹೇಳುತ್ತೇನೆ ಎಂದಿದ್ದ. ಹಾಗೆನ್ನುವಾಗ ಮುನಿರಾಜು ನೋಡಿದ್ದು ಕಲಾಳ ಮೇಜಿನ ಕಡೆಗೆ. ಕಾಂತರಾಜು ಅದನ್ನೂ ಗಮನಿಸಿದ್ದ.

ಏಳನೆಯ ಕ್ಲೇಮಿನಲ್ಲಿ ಅವನ ಬೆರಳು ನಿಂತಿತು.

ಗೋವಿಂದರಾಜನಗರದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಮುನಿಲಕ್ಷ್ಮಮ್ಮನ ಬ್ಯಾಟರಿ. ಬಿಲ್ಲಿನ ದಿನಾಂಕ 23-10-2023. ಬ್ಯಾಟರಿಯ ಸೀರಿಯಲ್ ನಂಬರು 2311 ಎಂದು ಶುರುವಾಗುತ್ತಿತ್ತು. ಮೊದಲ ಎರಡು ಅಂಕಿ ತಯಾರಾದ ವರ್ಷ, ಮುಂದಿನ ಎರಡು ತಿಂಗಳು. ಅಂದರೆ ನವೆಂಬರಿನಲ್ಲಿ ಹುಟ್ಟಿದ ಬ್ಯಾಟರಿಯನ್ನು ಅಕ್ಟೋಬರಿನಲ್ಲೇ ಮಾರಲಾಗಿದೆ! ಸಾಲದ್ದಕ್ಕೆ, ಬಿಲ್ಲೆಲ್ಲ ಕಂಪ್ಯೂಟರಿನಲ್ಲಿ ಅಚ್ಚಾಗಿದ್ದರೂ ಸೀರಿಯಲ್ ನಂಬರನ್ನು ಮಾತ್ರ ನೀಲಿ ಪೆನ್ನಿನಲ್ಲಿ ಬರೆಯಲಾಗಿತ್ತು. ಕೆಳಗೆ ಕಲಾಳ ಒಪ್ಪಿಗೆ.

ಕಾಂತರಾಜುವಿಗೆ ಹಸಿವೇ ಹಾರಿಹೋಯಿತು. ಬಹಳ ದಿನಗಳ ಮೇಲೆ ಎದೆ ಹಗುರಾಯಿತು. ಮೂರು ಫೋಟೊಗಳನ್ನೂ ಪ್ರಿಂಟು ತೆಗೆದು, ಅಂಕಿಗಳ ಸುತ್ತ ಕೆಂಪು ಗೆರೆ ಎಳೆದು, ಮುನಿರಾಜುವಿನ ಮೇಜಿನ ಮೇಲಿಟ್ಟ. ಕಲಾ ಕೈ ಒರೆಸಿಕೊಳ್ಳುತ್ತ ಕೆಳಗಿಳಿದಾಗ ಯಜಮಾನ ಅವಳನ್ನು ಒಳಗೆ ಕರೆದ.

"ಏನಮ್ಮ ಕಲಾ," ಎಂದ ಕಾಂತರಾಜು, ಸ್ವರದಲ್ಲಿ ಜೇನು ಸುರಿಯುತ್ತ. "ಮಗು ಹುಟ್ಟೋಕ್ಮುಂಚೇನೇ ನಾಮಕರಣ ಮಾಡ್ಬಿಟ್ಟಿದೀಯಲ್ಲ."

ಕಲಾ ಕಾಗದ ನೋಡಿ ನಕ್ಕಳು. "ಓ, ಇದಾ? ಅವತ್ತು ಆಯುಧಪೂಜೆ ಸಾರ್."

"ಆದ್ರೇನು?"

"ಅಂಗಡೀಲಿ ಸ್ಟಾಕ್ ಇರ್ಲಿಲ್ಲ. ಆದ್ರೂ ಆ ಆಂಟಿ ದುಡ್ಡು ಕಟ್ಟಿ, ಅವತ್ತಿನ ಡೇಟಲ್ಲೇ ಬಿಲ್ ಹಾಕಿಸ್ಕೊಂಡ್ರು. ಹೊಲಿಗೆ ಮೆಷಿನ್ ಮುಂದೆ ಬಿಲ್ಲಿಟ್ಟು ಕುಂಕುಮ ಹಚ್ಚಿದಾರೆ, ಮೂಲೇಲಿ ಕೆಂಪಗಿದೆ ನೋಡಿ. ಬ್ಯಾಟರಿ ಮನೆಗೆ ಬಂದಿದ್ದು ನವೆಂಬರ್ ಹದಿನಾರಕ್ಕೆ. ಆಗ ಅಂಗಡಿಯೋರು ಸೀರಿಯಲ್ ನಂಬರ್ ಕೈಯಲ್ಲಿ ಬರ್ದಿದಾರೆ. ನಮ್ಮಪ್ಪನ ಮೋಟರ್ ಅಂಗಡೀಲೂ ಹೀಗೇ, ಪೂಜೆ ದಿನ ಬರೀ ಬಿಲ್ಲೇ ವ್ಯಾಪಾರ."

"ಯಾರದೋ ಹಳೇ ಬಿಲ್ಲಿಗೆ ಇನ್ಯಾವುದೋ ಬ್ಯಾಟರಿ ನಂಬರ್ ಬರ್ಕೊಂಡ್ರೆ? ಕಥೆ ಯಾರು ಬೇಕಾದ್ರೂ ಹೇಳ್ತಾರೆ."

"ಅದಕ್ಕೇ ಅಂಗಡಿಯಿಂದ ಡೆಲಿವರಿ ಚಲನ್ ಫೋಟೊ ತರಿಸ್ದೆ. ಅದೇ ನಂಬರ್, ಆ ಆಂಟೀದೇ ಸೈನ್. ನಮ್ಮ ಗೋಡೌನ್ ಲಿಸ್ಟೂ ನೋಡ್ದೆ. ಆ ನಂಬರ್ ಇಲ್ಲಿಂದ ಆ ಅಂಗಡಿಗೆ ಹೋಗಿರೋದು ಹದಿನಾಲ್ಕಕ್ಕೆ." ಅವಳು ಬಿಲ್ಲಿನ ದಿನಾಂಕದ ಮೇಲೆ ಬೆರಳಿಟ್ಟಳು. "ಮತ್ತೆ ಸಾರ್, ವಾರಂಟಿಗೆ ಡೇಟ್ ತಿದ್ದೋರು ಮುಂದಕ್ಕೆ ತಿದ್ತಾರೆ, ಅಲ್ವಾ? ಇದು ಹಿಂದಕ್ಕಿದೆ. ಆಯಮ್ಮಂಗೆ ಇಪ್ಪತ್ನಾಲ್ಕು ದಿನ ಲಾಸು. ಕಳ್ಳ ಯಾರಾದ್ರೂ ತನ್ನ ಮನೇಗೇ ಕನ್ನ ಹಾಕ್ತಾನಾ?"

ಮುನಿರಾಜು ಮೇಜು ಕುಟ್ಟಿ ನಕ್ಕ. "ನೋಡ್ರೀ ಕಾಂತರಾಜು, ಹೆಂಗೆ ಹಾಕಿದ್ಲು ಪಾಯಿಂಟು!"

ಕಾಂತರಾಜುವೂ ನಕ್ಕ. ನಗದೆ ಬೇರೆ ದಾರಿಯಿರಲಿಲ್ಲ.

ಮೇಜಿಗೆ ಮರಳಿದ ಮೇಲೆ ಅವನನ್ನು ಸುಟ್ಟದ್ದು ಆ ನಗುವಲ್ಲ. ಮುಂದಕ್ಕೆ, ಹಿಂದಕ್ಕೆ ಎಂಬ ಆ ಮಾತು. ಅಷ್ಟು ಸರಳವಾದದ್ದು ಹನ್ನೊಂದು ವರ್ಷದಲ್ಲಿ ತನಗೇಕೆ ಹೊಳೆಯಲಿಲ್ಲ? ಅವನು ಫೋಟೊಗಳನ್ನು ನೋಡಿದ್ದ. ಫೋಟೊದ ಆಚೆಗಿರುವ ಗೋಡೌನ್ ಪಟ್ಟಿ ತನ್ನ ಬೆನ್ನ ಹಿಂದಿನ ಕೋಣೆಯಲ್ಲೇ ಇದ್ದರೂ ಅದನ್ನು ತೆರೆದವನಲ್ಲ. ಕಣ್ಣು ಸಾಕೆಂದುಕೊಂಡಿದ್ದ. 'ತಯಾರಿಕೆಗಿಂತ ಮೊದಲೇ ಬಿಲ್ಲು' ಎಂಬ ಕಾರಣ ಬರೆದು ತಾನು ಎಷ್ಟೋ ಕ್ಲೇಮುಗಳನ್ನು ತಳ್ಳಿಹಾಕಿದ್ದು ನೆನಪಾಯಿತು. ಆ ಗಿರಾಕಿಗಳಲ್ಲಿ ಕೆಲವರು ಅತ್ತಿದ್ದರು. "ಪೂಜೆ ದಿನ ತಗೊಂಡಿದ್ದು ಸ್ವಾಮಿ" ಎಂದು ಒಬ್ಬ ಮುದುಕ ಬಾಗಿಲಲ್ಲೇ ನಿಂತಿದ್ದ. ಪೂಜೆಗೂ ಬ್ಯಾಟರಿಗೂ ಏನು ಸಂಬಂಧ ಎಂದು ಇವನು ಗದರಿದ್ದ.

ಹಳೆಯ ಕ್ಲೇಮುಗಳನ್ನು ಯಾರೂ ತೆರೆಯುವುದಿಲ್ಲ. ಸುಮ್ಮನಿದ್ದರೆ ಸುಮ್ಮನೆ ಹೋಗುತ್ತಿತ್ತು. ಆದರೆ ಗಾಜಿನಾಚೆ ಕಲಾ ಕಂಪ್ಯೂಟರಿನಲ್ಲಿ ಏನನ್ನೋ ಹುಡುಕುತ್ತಿರುವುದು ಕಾಣಿಸಿತು. ಅವಳಿಗೂ ಇದೇ ಹೊಳೆದಿದ್ದರೆ? ಸಂಜೆಯೊಳಗೆ ಅವಳೇ ಅಂಥ ಕ್ಲೇಮುಗಳ ಪಟ್ಟಿಯನ್ನು ಯಜಮಾನನ ಮುಂದಿಟ್ಟರೆ? ತನ್ನ ತಪ್ಪನ್ನೂ ಅವಳೇ ಮೊದಲು ಕಂಡುಹಿಡಿದಳು ಎಂದಾಗುವುದನ್ನು ಕಾಂತರಾಜುವಿಗೆ ಸಹಿಸಲಾಗಲಿಲ್ಲ. ತನ್ನ ತಪ್ಪಾದರೂ ತನ್ನದಾಗಿ ಉಳಿಯಲಿ!

ಮೂರು ತಾಸು ಅವನು ಕುರ್ಚಿಯಿಂದ ಏಳಲಿಲ್ಲ. ಆ ಕಾರಣಕ್ಕೆ ತಳ್ಳಿದವು ಒಟ್ಟು ಮೂವತ್ತೊಂದು. ಒಂದೊಂದರ ಬಿಲ್ಲಿನ ದಿನಾಂಕವನ್ನು ಆಯಾ ವರ್ಷದ ಆಯುಧಪೂಜೆಗೆ ಹೋಲಿಸಿದ, ನಂಬರನ್ನು ಗೋಡೌನ್ ಪಟ್ಟಿಯಲ್ಲಿ ಹುಡುಕಿದ, ಅಂಗಡಿಗಳಿಗೆ ಫೋನು ಮಾಡಿ ಚಲನ್ ಕೇಳಿದ. ಕೆಲವು ನಿಜವಾಗಿಯೂ ಮೋಸದವೇ. ಆ ನಂಬರಿನ ಬ್ಯಾಟರಿ ಬೇರೆ ಬಡಾವಣೆಯ ಅಂಗಡಿಗೆ ಹೋಗಿತ್ತು. ಅಂಥದ್ದು ಸಿಕ್ಕಾಗಲೆಲ್ಲ ಅವನು ನೀರು ಕುಡಿದವನಂತೆ ಉಸಿರು ಬಿಟ್ಟ. ಆದರೆ ಬಾಕಿಯವು ಒಂದೊಂದೇ ಸರಿಯಾಗಿ ಕೂತವು.

ಐದೂವರೆಗೆ ಅವನು ಪಟ್ಟಿ ಹಿಡಿದು ಒಳಗೆ ಹೋದ. ಕಲಾ ಅಲ್ಲೇ ಇದ್ದಳು. ಅವಳ ಕೈ ಬರಿದಾಗಿತ್ತು. ಅವಳಿಗೆ ಏನೂ ಹೊಳೆದಿರಲಿಲ್ಲ.

"ಸಾರ್, ನಾನು ತಪ್ಪಾಗಿ ತಳ್ಳಿಬಿಟ್ಟಿರೋ ಕ್ಲೇಮುಗಳು ಇವು. ಹೊಸ ಬ್ಯಾಟರಿ ಕೊಡ್ಬೇಕಾಗಿತ್ತು. ಆ ಮನೆಗಳಿಗೆ ನಾವೇ ಫೋನ್ ಮಾಡ್ಬೇಕು." ಅವನು ಕಲಾಳ ಕಡೆ ನೋಡಲಿಲ್ಲ. "ಕೊನೆ ಸಹಿ ಇವಳಿಗೇ ಕೊಡಿ."

ಕಲಾ ಬೆರಗಾಗಿ ಎದ್ದು ನಿಂತಳು. ಮುನಿರಾಜು ಕಾಗದವನ್ನು ತಿರುವಲಿಲ್ಲ. ಕನ್ನಡಕ ತೆಗೆದು, ಮೆಲ್ಲಗೆ ಕೇಳಿದ, "ಎಷ್ಟು ಕಾಂತರಾಜು?"

"ಹತ್ತೊಂಬತ್ತು."